90 ದಿನ ಉದ್ದರಿ ಕೇಳಿದ ಲಿಸ್ಟೆಡ್ ಕಂಪನಿ, ಅದರ ಬ್ಯಾಲೆನ್ಸ್ ಶೀಟ್‌ನಲ್ಲಿ ನಾವು ನೋಡಿದ ಮೂರು ರೇಶಿಯೋ

ತುಮಕೂರಿನ ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕಾರ್ಟನ್ ಬಾಕ್ಸ್ ಮಾಡೋ ಒಂದು ಸಣ್ಣ ಯೂನಿಟ್ ಇದೆ, ಅದರ ಲೆಕ್ಕಪತ್ರ, ಜಿಎಸ್‌ಟಿ ರಿಟರ್ನ್ ಎಲ್ಲಾ ನಾನೇ ನೋಡ್ಕೊಳ್ಳೋದು. ಅವರಿಗೆ ಒಂದು ಆಟೋ ಪಾರ್ಟ್ಸ್ ಕಂಪನಿಯಿಂದ ತಿಂಗಳಿಗೆ ಸುಮಾರು 12 ಲಕ್ಷದ ಆರ್ಡರ್ ಬಂತು. ಷೇರು ಮಾರ್ಕೆಟ್‌ನಲ್ಲಿ ಲಿಸ್ಟ್ ಆಗಿರೋ ಕಂಪನಿ, ಹೆಸರು ಇಲ್ಲಿ ಬೇಡ, ಅಂಕಿಗಳನ್ನೂ ದುಂಡಗೆ ಮಾಡಿ ಕೊಡ್ತಿದೀನಿ. ಷರತ್ತು ಒಂದೇ, ದುಡ್ಡು 90 ದಿನ ಆದ್ಮೇಲೆ. ಅಂದ್ರೆ ಯಾವಾಗ ನೋಡಿದ್ರೂ 36 ಲಕ್ಷ ಹೊರಗಡೆ ನಿಂತಿರುತ್ತೆ, ಪೇಪರ್ ರೀಲ್ ತಂದಿದ್ದಕ್ಕೆ ಮಿಲ್‌ನವರಿಗೆ ಅಷ್ಟು ದಿನ ಕಾಯಿ ಅನ್ನೋಕಾಗಲ್ಲ, ಜಿಎಸ್‌ಟಿನಂತೂ ದುಡ್ಡು ಬರಲಿ ಬಿಡಲಿ ಮುಂದಿನ ತಿಂಗಳೇ ಕಟ್ಬೇಕು.

ಯೂನಿಟ್ ಮಾಲೀಕರು ಕೇಳಿದ್ದು ಸರಳ ಪ್ರಶ್ನೆ. "ಸಾರ್, ಲಿಸ್ಟೆಡ್ ಕಂಪನಿ ಅಲ್ವಾ, ದುಡ್ಡು ಎಲ್ಲಿಗೆ ಹೋಗುತ್ತೆ, ಕೊಡಬಹುದಾ?" ಅವರ ಮಗ ಬಿಕಾಂ ಎರಡನೇ ವರ್ಷ, ಆಗಲೇ ಒಂದು ಷೇರು ಆ್ಯಪ್ ನೋಡಿ ಬರ್ಕೊಂಡು ಬಂದಿದ್ದ: ಕರೆಂಟ್ ರೇಶಿಯೋ 1.02, ಡೆಟ್ ಟು ಈಕ್ವಿಟಿ 0.58, ಇಂಟರೆಸ್ಟ್ ಕವರ್ 2.29. "ಅಂಕಲ್, ಸಾಲ ಕಮ್ಮಿನೇ ಇದೆ, ಬಡ್ಡಿನೂ ಎರಡು ಪಟ್ಟು ದುಡಿತಾರೆ" ಅಂದ. ಆ್ಯಪ್ ತೋರಿಸಿದ ಸಂಖ್ಯೆ ತಗೊಂಡು 36 ಲಕ್ಷದ ತೀರ್ಮಾನ ಮಾಡೋಕಾಗಲ್ಲ, ವಾರ್ಷಿಕ ವರದಿ ಡೌನ್‌ಲೋಡ್ ಮಾಡ್ಕೊಂಡು ನಾವೇ ಲೆಕ್ಕ ಹಾಕೋಣ ಅಂತ ಕೂತ್ವಿ. ಲಿಸ್ಟೆಡ್ ಕಂಪನಿ ವರದಿ ಬಿಎಸ್‌ಇ, ಎನ್‌ಎಸ್‌ಇ ವೆಬ್‌ಸೈಟ್‌ನಲ್ಲಿ ಪುಕ್ಕಟೆ ಸಿಗುತ್ತೆ, ಇನ್ನೂರು ಮುನ್ನೂರು ಪುಟದ ಪಿಡಿಎಫ್, ಆದ್ರೆ ನಮಗೆ ಬೇಕಾಗಿದ್ದು ಬ್ಯಾಲೆನ್ಸ್ ಶೀಟ್ ಒಂದು ಪುಟ, ಲಾಭ ನಷ್ಟದ ಪಟ್ಟಿ ಒಂದು ಪುಟ, ಕ್ಯಾಶ್ ಫ್ಲೋ ಪುಟ, ಆಮೇಲೆ ಅವುಗಳ ಹಿಂದೆ ಬರೋ ನೋಟ್ಸ್‌ನಲ್ಲಿ ನಾಲ್ಕೈದು.

ವರದಿ ತೆಗೆದ ತಕ್ಷಣ ಎರಡು ವಿಷಯ ಖಾತ್ರಿ ಮಾಡ್ಕೋಬೇಕು. ಒಂದು, ಅಂಕಿ ಲಕ್ಷದಲ್ಲಿದೆಯೋ ಕೋಟಿಯಲ್ಲಿದೆಯೋ, ಅದು ಪುಟದ ಮೇಲ್ಗಡೆ ಬಲಗಡೆ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಇರುತ್ತೆ. ಎರಡು, ಸ್ಟ್ಯಾಂಡಲೋನ್ ಅಂತ ಒಂದು ಸೆಟ್, ಕನ್ಸಾಲಿಡೇಟೆಡ್ ಅಂತ ಇನ್ನೊಂದು ಸೆಟ್ ಇರುತ್ತೆ. ಮೊದಲನೇದು ಆ ಕಂಪನಿ ಒಂದರದ್ದೇ ಲೆಕ್ಕ, ಎರಡನೇದರಲ್ಲಿ ಅದರ ಮರಿ ಕಂಪನಿಗಳನ್ನೂ ಸೇರಿಸಿರ್ತಾರೆ. ನಮ್ಮ ಬಿಲ್ ಹೋಗೋದು ತಾಯಿ ಕಂಪನಿ ಹೆಸರಿಗೆ, ಕಾನೂನು ಪ್ರಕಾರ ನಮಗೆ ದುಡ್ಡು ಕೊಡಬೇಕಾಗಿರೋದು ಅದೊಂದೇ, ಹಾಗಾಗಿ ಸ್ಟ್ಯಾಂಡಲೋನ್ ಕೂಡ ನೋಡ್ಲೇಬೇಕು. ಆದ್ರೆ ಮರಿ ಕಂಪನಿ ಸಾಲಕ್ಕೆ ತಾಯಿ ಕಂಪನಿ ಗ್ಯಾರಂಟಿ ನಿಂತಿದ್ರೆ ಆ ಭಾರ ಸ್ಟ್ಯಾಂಡಲೋನ್ ಬ್ಯಾಲೆನ್ಸ್ ಶೀಟ್‌ನಲ್ಲಿ ಸಾಲ ಅಂತ ಕಾಣಲ್ಲ. ಇಲ್ಲಿ ಮರಿ ಕಂಪನಿ ಒಂದೇ, ಅದೂ ಚಿಕ್ಕದು, ಎರಡೂ ಸೆಟ್‌ನ ಚಿತ್ರ ಹೆಚ್ಚೂಕಮ್ಮಿ ಒಂದೇ ಬಂತು, ಅದಕ್ಕೆ ಕೆಳಗಿರೋದೆಲ್ಲಾ ಕನ್ಸಾಲಿಡೇಟೆಡ್, ಕೋಟಿ ರೂಪಾಯಿಯಲ್ಲಿ.

ಮೊದಲು ಕರೆಂಟ್ ರೇಶಿಯೋ. ಒಂದು ವರ್ಷದೊಳಗೆ ದುಡ್ಡಾಗಬೇಕಾದ ಆಸ್ತಿನ ಒಂದು ವರ್ಷದೊಳಗೆ ಕೊಡಬೇಕಾದ ಬಾಕಿಯಿಂದ ಭಾಗಿಸೋದು, ಅಷ್ಟೇ. ಕಂಪನಿ ಕಾಯ್ದೆಯ ಶೆಡ್ಯೂಲ್ 3 ಪ್ರಕಾರ ಬ್ಯಾಲೆನ್ಸ್ ಶೀಟ್‌ನಲ್ಲೇ ಕರೆಂಟ್ ಅಸೆಟ್ಸ್, ಕರೆಂಟ್ ಲಯಬಿಲಿಟೀಸ್ ಅಂತ ಬೇರೆ ಬೇರೆ ಮಾಡಿ ಮೊತ್ತನೂ ಹಾಕಿರ್ತಾರೆ. ಈ ಕಂಪನಿದು 370 ಮತ್ತು 362.

```
370 / 362 = 1.02
```

ಆ್ಯಪ್‌ನ ಸಂಖ್ಯೆ ಸರಿಯಾಗೇ ಇತ್ತು. ಹುಡುಗ "ಒಂದಕ್ಕಿಂತ ಜಾಸ್ತಿ ಇದೆಯಲ್ಲ ಅಂಕಲ್" ಅಂದ. ಒಂದಕ್ಕಿಂತ ಜಾಸ್ತಿ ಅನ್ನೋದು ಸಾಕಾಗಲ್ಲ, ಆ 370 ಒಳಗೆ ಏನೇನಿದೆ ಅಂತ ಬಿಡಿಸಬೇಕು. ಸ್ಟಾಕು 168, ಗಿರಾಕಿಗಳಿಂದ ಬರಬೇಕಾದ್ದು 142, ಕೈಯಲ್ಲಿ ಬ್ಯಾಂಕಲ್ಲಿ ಇರೋ ನಗದು 9, ಬೇರೆ ಬ್ಯಾಂಕ್ ಬ್ಯಾಲೆನ್ಸ್ 14, ಇನ್ನಿತರೆ 5, ಕೊನೆಗೆ ಅದರ್ ಕರೆಂಟ್ ಅಸೆಟ್ಸ್ 32. ಈ 14 ಕೋಟಿ ನೋಡಿದ್ರೆ ನಗದು ಅನ್ಸುತ್ತೆ, ನೋಟ್ ಓದಿದ್ರೆ ಅದು ಮಾರ್ಜಿನ್ ಮನಿ, ಬ್ಯಾಂಕ್ ಗ್ಯಾರಂಟಿಗೆ, ಎಲ್‌ಸಿಗೆ ಇಟ್ಟ ಎಫ್‌ಡಿ, ಮುಟ್ಟೋ ಹಾಗಿಲ್ಲ. ಆ 32 ಕೋಟಿಯಲ್ಲಿ ಬಹುಪಾಲು ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ಟು ಮತ್ತೆ ಸಪ್ಲೈಯರ್‌ಗಳಿಗೆ ಕೊಟ್ಟ ಅಡ್ವಾನ್ಸು, ಅದನ್ನ ತೋರಿಸಿ ಬಾಕ್ಸ್‌ನವರ ಬಿಲ್ ಚುಕ್ತಾ ಮಾಡೋಕಾಗಲ್ಲ. ಸ್ಟಾಕ್ ಒಂದನ್ನ ಬಿಟ್ಟು ಲೆಕ್ಕ ಹಾಕಿದ್ರೇ 202 ಭಾಗ 362, ಅಂದ್ರೆ 0.56.

ಬ್ಯಾಂಕ್‌ನವರು ಕರೆಂಟ್ ರೇಶಿಯೋ 1.33 ಇರಬೇಕು ಅಂತಾರಲ್ಲ, ಅದು 1975ರ ಟಂಡನ್ ಸಮಿತಿ ವರದಿಯಿಂದ ಬಂದ ಅಳತೆ. ಕರೆಂಟ್ ಅಸೆಟ್ಸ್‌ನಲ್ಲಿ ಕಾಲು ಭಾಗನಾದ್ರೂ ದೀರ್ಘಾವಧಿ ಹಣದಿಂದ ಬಂದಿರಬೇಕು ಅನ್ನೋದು ಅದರ ಮೂಲ ಲೆಕ್ಕ, 100 ರೂಪಾಯಿ ಕರೆಂಟ್ ಅಸೆಟ್‌ಗೆ 75 ಮಾತ್ರ ಕರೆಂಟ್ ಬಾಕಿ, ಭಾಗಿಸಿದ್ರೆ 1.33. ಇದು ಎಲ್ಲಾ ವ್ಯಾಪಾರಕ್ಕೂ ಒಗ್ಗಲ್ಲ, ಬಿಸ್ಕತ್ತು ಸೋಪು ಮಾರೋ ಕಂಪನಿಗಳಿಗೆ ಡೀಲರ್ ಮೊದಲೇ ದುಡ್ಡು ಕಟ್ತಾನೆ, ಸಪ್ಲೈಯರ್‌ಗೆ ನಿಧಾನಕ್ಕೆ ಕೊಡ್ತಾರೆ, ಅವು ಒಂದಕ್ಕಿಂತ ಕೆಳಗಿದ್ರೂ ಚೆನ್ನಾಗೇ ನಡೆಯುತ್ತೆ. ಆದ್ರೆ ಸ್ಟಾಕ್ ಇಟ್ಟು, ಉದ್ದರಿ ಮಾರಿ, ಎರಡು ತಿಂಗಳ ಮೇಲೆ ವಸೂಲಿ ಮಾಡೋ ಆಟೋ ಪಾರ್ಟ್ಸ್ ಕಂಪನಿಗೆ 1.02 ಅಂದ್ರೆ ಉಸಿರಾಡೋಕೆ ಜಾಗ ಇಲ್ಲ ಅಂತ ಅರ್ಥ.

ಯಾಕೆ ಹೀಗಾಯ್ತು ಅಂತ ಹುಡುಕಿದಾಗ ಬ್ಯಾಲೆನ್ಸ್ ಶೀಟೇ ಬಾಯಿ ಬಿಡ್ತು. ಷೇರುದಾರರ ಹಣ 260, ದೀರ್ಘಾವಧಿ ಬಾಕಿ 188, ಒಟ್ಟು 448 ಕೋಟಿ ನಿಧಾನಕ್ಕೆ ವಾಪಸ್ ಕೊಡೋ ಹಣ. ಅದರಲ್ಲಿ 440 ಕೋಟಿ ಕಟ್ಟಡ, ಮೆಷಿನ್ನು, ಮುಗೀದಿರೋ ಹೊಸ ಲೈನು, ಇಂಥದ್ದರಲ್ಲಿ ಹೂತು ಹೋಗಿದೆ. ಉಳಿದಿದ್ದು 8 ಕೋಟಿ. 370 ಕೋಟಿಯ ದಿನನಿತ್ಯದ ವ್ಯವಹಾರಕ್ಕೆ ಟಂಡನ್ ಲೆಕ್ಕದಲ್ಲಿ 92 ಕೋಟಿ ಮೇಲೆ ಇರಬೇಕಿತ್ತು. ಹಿಂದಿನ ವರ್ಷ ಕರೆಂಟ್ ರೇಶಿಯೋ 1.24 ಇತ್ತು, ಆಗ ದಿನನಿತ್ಯದ ವ್ಯವಹಾರಕ್ಕೆ ಬ್ಯಾಂಕಿಂದ ತಗೊಳ್ಳೋ ವರ್ಕಿಂಗ್ ಕ್ಯಾಪಿಟಲ್ ಸಾಲ 92 ಕೋಟಿ, ಈಗ 134. ಅಂದ್ರೆ ಹೊಸ ಲೈನ್ ಹಾಕೋ ಖರ್ಚಿನ ಒಂದು ಪಾಲು ಆ ಸಾಲದಿಂದ, ಅಂದ್ರೆ ಕ್ಯಾಶ್ ಕ್ರೆಡಿಟ್‌ನಿಂದ, ಇನ್ನೊಂದು ಪಾಲು ನಮ್ಮಂಥ ಸಪ್ಲೈಯರ್‌ಗಳ ಬಾಕಿಯಿಂದ ಹೋಗಿದೆ. 90 ದಿನ ಯಾಕೆ ಕೇಳ್ತಿದಾರೆ ಅನ್ನೋದು ಇಲ್ಲೇ ಅರ್ಥ ಆಯ್ತು.

ಇನ್ನೊಂದು ಮಾತು ಇಲ್ಲೇ ಹೇಳ್ಬಿಡ್ತೀನಿ. 2021ರ ಮಾರ್ಚ್‌ನಲ್ಲಿ ಶೆಡ್ಯೂಲ್ 3 ತಿದ್ದುಪಡಿ ಆದ್ಮೇಲೆ ಕಂಪನಿಗಳೇ ನೋಟ್ಸ್‌ನಲ್ಲಿ 11 ರೇಶಿಯೋ ಕೊಡಬೇಕು, ಹಿಂದಿನ ವರ್ಷಕ್ಕಿಂತ 25 ಪರ್ಸೆಂಟ್ ಮೇಲೆ ಏರುಪೇರಾದ್ರೆ ಕಾರಣ ಬರೀಬೇಕು. 1.24 ಇಂದ 1.02ಕ್ಕೆ ಇಳಿದಿದ್ದು ಸುಮಾರು 18 ಪರ್ಸೆಂಟು. ಹಾಗಾಗಿ ಆ ಪಟ್ಟಿಯಲ್ಲಿ ಕಾರಣದ ಕಾಲಂ ಖಾಲಿ. ಕಾರಣ ಬರೆದಿಲ್ಲ ಅಂದ ಮಾತ್ರಕ್ಕೆ ಏನೂ ಆಗಿಲ್ಲ ಅಂತಲ್ಲ, ಮಿತಿ ದಾಟಿಲ್ಲ ಅಷ್ಟೇ.

ಈಗ ಡೆಟ್ ಟು ಈಕ್ವಿಟಿ, ಅಂದ್ರೆ ಸಾಲನ ಷೇರುದಾರರ ಹಣದಿಂದ ಭಾಗಿಸೋದು. ಆ್ಯಪ್ 0.58 ತೋರಿಸ್ತು, ಕಂಪನಿ ತನ್ನ ನೋಟ್‌ನಲ್ಲೇ 1.25 ಅಂತ ಬರ್ಕೊಂಡಿದೆ. ಎರಡಕ್ಕೂ ಇಷ್ಟು ಅಂತರ ಹೇಗೆ ಅಂತ ಹುಡುಗ ತಲೆ ಕೆಡಿಸ್ಕೊಂಡ. ಬಾರೋವಿಂಗ್ಸ್ ಅನ್ನೋ ಸಾಲು ಬ್ಯಾಲೆನ್ಸ್ ಶೀಟ್‌ನಲ್ಲಿ ಎರಡು ಕಡೆ ಬರುತ್ತೆ. ನಾನ್ ಕರೆಂಟ್ ಕೆಳಗೆ 150, ಕರೆಂಟ್ ಕೆಳಗೆ 176. ಆ್ಯಪ್ ಮೊದಲನೇದನ್ನ ಮಾತ್ರ ತಗೊಂಡು 260ರಿಂದ ಭಾಗಿಸಿದೆ. ದೀರ್ಘಾವಧಿ ಸಾಲಕ್ಕೆ ಮಾತ್ರ ಡೆಟ್ ಅನ್ನೋ ಹಳೇ ಪಾಠ ಕೆಲವು ಪುಸ್ತಕದಲ್ಲಿ ಇನ್ನೂ ಇದೆ, ಬಿಕಾಂ ಹುಡುಗರು ಅದನ್ನೇ ಬರೀತಾರೆ. ಸಪ್ಲೈಯರ್ ಜಾಗದಲ್ಲಿ ನಿಂತು ನೋಡೋರಿಗೆ ಅದು ಉಪಯೋಗಕ್ಕೆ ಬರಲ್ಲ, ಬ್ಯಾಂಕ್‌ನವರು ಕ್ಯಾಶ್ ಕ್ರೆಡಿಟ್ ಲಿಮಿಟ್ ಕಡಿಮೆ ಮಾಡಿದ್ರೆ ಮೊದಲು ಒದ್ದಾಡೋದು ನಾವೇ.

```
(150 + 176) / 260 = 1.25
```

ಆ 176ರ ಹಿಂದಿರೋ ನೋಟ್ ತೆಗೆದು ನೋಡಿ ಅಂತ ಹುಡುಗನಿಗೆ ಹೇಳ್ದೆ. ಅದರಲ್ಲಿ ಎರಡು ಸಾಲು: ಬ್ಯಾಂಕ್‌ಗಳ ವರ್ಕಿಂಗ್ ಕ್ಯಾಪಿಟಲ್ ಸಾಲ 134, ದೀರ್ಘಾವಧಿ ಸಾಲದಲ್ಲಿ ಮುಂದಿನ 12 ತಿಂಗಳಲ್ಲಿ ಕಟ್ಟಬೇಕಾದ ಕಂತು 42. ಈ ಕಂತು 2021ರ ತಿದ್ದುಪಡಿಗೆ ಮುಂಚೆ ಅದರ್ ಫೈನಾನ್ಷಿಯಲ್ ಲಯಬಿಲಿಟೀಸ್ ಅನ್ನೋ ಸಾಲಿನಲ್ಲಿ ಸೇರ್ಕೊಂಡಿರ್ತಿತ್ತು, ಈಗ ಶಾರ್ಟ್ ಟರ್ಮ್ ಬಾರೋವಿಂಗ್ಸ್ ಒಳಗೆ ಬೇರೆಯಾಗಿ ತೋರಿಸಬೇಕು. ಹಾಗಾಗಿ ಯಾರಾದ್ರೂ ಆರೇಳು ವರ್ಷದ ಡೆಟ್ ಟು ಈಕ್ವಿಟಿ ಒಂದೇ ಸಾಲಾಗಿ ಹಾಕಿ ಹೋಲಿಸ್ತಾರಾದ್ರೆ ಹಳೇ ವರ್ಷಗಳಲ್ಲಿ ಸಾಲ ಕಮ್ಮಿ ಕಾಣೋ ಸಾಧ್ಯತೆ ಇದೆ, ನಿಜಕ್ಕೂ ಕಮ್ಮಿ ಇದ್ದಿದ್ದಲ್ಲ, ಬೇರೆ ಸಾಲಿನಲ್ಲಿ ಕೂತಿದ್ದು. ಹಳೇ ವರದಿ ತೆಗೆದ್ರೆ ಅದನ್ನ ನೋಟ್‌ನಿಂದ ಹೆಕ್ಕಿ ಸೇರಿಸ್ಕೋಬೇಕು.

ಲೀಸ್ ಬಾಕಿ ಸೇರಿಸ್ಬೇಕಾ ಬೇಡ್ವಾ ಅನ್ನೋದು ಇನ್ನೊಂದು ಜಗಳ. 2019ರ ಏಪ್ರಿಲ್‌ನಿಂದ ಇಂಡ್ ಎಎಸ್ 116 ಅನ್ನೋ ಲೆಕ್ಕಪತ್ರದ ಸ್ಟ್ಯಾಂಡರ್ಡ್ ಬಂದ್ಮೇಲೆ ಬಾಡಿಗೆ ಗೋಡೌನ್, ಬಾಡಿಗೆ ಕಟ್ಟಡದ ಮುಂದಿನ ಬಾಡಿಗೆನೂ ಬಾಕಿ ಅಂತ ಬ್ಯಾಲೆನ್ಸ್ ಶೀಟ್‌ಗೆ ಬರುತ್ತೆ. ಇಲ್ಲಿ 18 ಮತ್ತು 5, ಒಟ್ಟು 23 ಕೋಟಿ. ಸೇರಿಸಿದ್ರೆ 349 ಭಾಗ 260, ಅಂದ್ರೆ 1.34. ಅಂಗಡಿ ಮಳಿಗೆ ನಡೆಸೋ ಕಂಪನಿಗೆ, ವಿಮಾನ ಕಂಪನಿಗೆ ಈ ಪ್ರಶ್ನೆ ದೊಡ್ಡದು, ಇಲ್ಲಿ ತೀರ್ಮಾನ ಬದಲಾಗಲ್ಲ, ಅದಕ್ಕೆ ಮುಂದೆ ಹೋದ್ವಿ. ಒಂದೇ ನಿಯಮ, ಒಂದು ವರ್ಷಕ್ಕೆ ಸೇರಿಸಿದ್ರೆ ಎಲ್ಲಾ ವರ್ಷಕ್ಕೂ ಸೇರಿಸಿ, ಒಂದು ಕಂಪನಿಗೆ ಸೇರಿಸಿದ್ರೆ ಹೋಲಿಸೋ ಕಂಪನಿಗೂ ಸೇರಿಸಿ.

1.25 ಅಂದ್ರೆ ಭಯ ಬೀಳೋ ಸಂಖ್ಯೆನಾ? ಅಲ್ಲ. ಫ್ಯಾಕ್ಟರಿ ನಡೆಸೋ ಕಂಪನಿಗೆ ಅಷ್ಟು ಸಾಲ ಇರೋದು ಇದ್ದೇ ಇದೆ, ಹಿಂದಿನ ವರ್ಷನೂ 270 ಭಾಗ 227, ಅಂದ್ರೆ 1.19 ಇತ್ತು. ಆದ್ರೆ ಸಾಲ 270ರಿಂದ 326 ಆಗಿದೆ, 56 ಕೋಟಿ ಜಾಸ್ತಿ, ರೇಶಿಯೋ ಮಾತ್ರ ಸ್ವಲ್ಪನೇ ಏರಿದೆ, ಯಾಕಂದ್ರೆ ಕೆಳಗಿರೋ ಈಕ್ವಿಟಿನೂ 33 ಕೋಟಿ ಏರಿದೆ. ಆ 33 ಕೋಟಿ ಆ ವರ್ಷದ ತೆರಿಗೆ ಕಳೆದ ಲಾಭ. ಆ ಲಾಭ ಎಲ್ಲಿಂದ ಬಂತು ಅನ್ನೋದೇ ಮೂರನೇ ರೇಶಿಯೋದ ಕಥೆ, ನನಗೆ ಇಡೀ ಕೇಸ್‌ನಲ್ಲಿ ಮುಖ್ಯ ಅನ್ಸಿದ್ದೂ ಅದೇ.

ಇಂಟರೆಸ್ಟ್ ಕವರ್ ಅಂದ್ರೆ ಬಡ್ಡಿ ಕಟ್ಟೋಕೆ ಮುಂಚಿನ, ತೆರಿಗೆ ಕಟ್ಟೋಕೆ ಮುಂಚಿನ ಲಾಭ ಬಡ್ಡಿಯ ಎಷ್ಟು ಪಟ್ಟು ಇದೆ ಅನ್ನೋದು. ಕಂಪನಿಯ ಲಾಭ ನಷ್ಟದ ಪಟ್ಟಿಯಲ್ಲಿ ಆ ಹೆಸರಿನ ಸಾಲು ಇರಲ್ಲ, ನಾವೇ ಹಿಂದಕ್ಕೆ ಹೋಗಿ ಕಟ್ಕೋಬೇಕು. ತೆರಿಗೆ ಮುಂಚಿನ ಲಾಭ 44, ಫೈನಾನ್ಸ್ ಕಾಸ್ಟ್ಸ್ 34. ಎರಡೂ ಕೂಡಿದ್ರೆ 78.

```
(44 + 34) / 34 = 2.29
```

ಹಿಂದಿನ ವರ್ಷ 36 ಲಾಭ, 27 ಬಡ್ಡಿ, 2.33. ಏನೂ ಬದಲಾಗಿಲ್ಲ ಅನ್ಸುತ್ತೆ. ಸೆಬಿ ನಿಯಮದ ಪ್ರಕಾರ ಮ್ಯಾನೇಜ್‌ಮೆಂಟ್ ಡಿಸ್ಕಷನ್ ಭಾಗದಲ್ಲಿ ಇಂಟರೆಸ್ಟ್ ಕವರೇಜ್ 25 ಪರ್ಸೆಂಟ್ ಅಥವಾ ಅದಕ್ಕಿಂತ ಜಾಸ್ತಿ ಬದಲಾದ್ರೆ ವಿವರಣೆ ಕೊಡ್ಬೇಕು, ಅಲ್ಲೂ ಇದೇ 2.29 ಹಾಕಿದ್ರು, 25 ಪರ್ಸೆಂಟ್ ಬದಲಾಗಿಲ್ಲ ಅಂತ ವಿವರಣೆನೂ ಇಲ್ಲ.

ನಾನು ಹುಡುಗನಿಗೆ ಲಾಭ ನಷ್ಟದ ಪುಟವನ್ನ ಕೆಳಗಿಂದ ಮೇಲಕ್ಕೆ ಓದು ಅಂದೆ. 44ರ ಮೇಲಿನ ಸಾಲು ಎಕ್ಸೆಪ್ಷನಲ್ ಐಟಮ್ಸ್, 16 ಕೋಟಿ ಆದಾಯ. ಅದರ ಮೇಲೆ 28. ನೋಟ್ ತೆಗೆದ್ರೆ ಆ 16 ಕೋಟಿ ಹಳೇ ಪ್ಲಾಂಟ್‌ನ ಜಾಗ ಮಾರಿ ಬಂದ ಲಾಭ. ಜಾಗ ಒಂದ್ಸಲ ಮಾರಬಹುದು, ಬಡ್ಡಿ ಪ್ರತಿ ತಿಂಗಳು ಕಟ್ಬೇಕು. ಅದನ್ನ ತೆಗೆದ್ರೆ 28 ಕೂಡಿಸು 34, ಅಂದ್ರೆ 62, ಭಾಗ 34, ಕವರ್ 1.82ಕ್ಕೆ ಇಳೀತು.

ಇನ್ನೂ ಮೇಲಕ್ಕೆ ಹೋದ್ರೆ ಅದರ್ ಇನ್‌ಕಮ್ 14 ಕೋಟಿ. ಇದನ್ನ ತೆಗೀಬೇಕೋ ಇಟ್ಕೋಬೇಕೋ ಅನ್ನೋದು ಒಳಗೆ ಏನಿದೆ ಅನ್ನೋದರ ಮೇಲೆ. ವರ್ಷ ವರ್ಷ ಬರೋ ಎಫ್‌ಡಿ ಬಡ್ಡಿ ಆಗಿದ್ರೆ ನಾನು ಇಟ್ಕೊಳ್ತಿದ್ದೆ. ಇಲ್ಲಿ ಇದ್ದಿದ್ದು ವಿದೇಶಿ ವಿನಿಮಯದ ಲಾಭ, ಕೊಡಬೇಕಾಗಿಲ್ಲ ಅಂತ ರೈಟ್ ಬ್ಯಾಕ್ ಮಾಡಿದ ಹಳೇ ಬಾಕಿ, ಸ್ವಲ್ಪ ಬಡ್ಡಿ. ಹಳೇ ಬಾಕಿ ರೈಟ್ ಬ್ಯಾಕ್ ಅಂದ್ರೆ ಯಾರೋ ಸಪ್ಲೈಯರ್‌ಗೆ ಕೊಡದೇ ಉಳಿಸಿದ್ದು, ಅದರಿಂದ ಬ್ಯಾಂಕ್ ಬಡ್ಡಿ ಕಟ್ಟೋಕೆ ನಗದು ಹುಟ್ಟಲ್ಲ. ಪೂರ್ತಿ ತೆಗೆದ್ವಿ, 48 ಭಾಗ 34, ಬಂದಿದ್ದು 1.41. ಹಿಂದಿನ ವರ್ಷಕ್ಕೂ ಹಾಗೇ ಮಾಡಿದ್ರೆ, ಆಗ ಅದರ್ ಇನ್‌ಕಮ್ 10, ಎಕ್ಸೆಪ್ಷನಲ್ ಏನೂ ಇಲ್ಲ, 53 ಭಾಗ 27, 1.96. ಅಲ್ಲಿಗೆ 2.33 ಇಂದ 2.29 ಅಂತ ನಿಂತ ನೀರಿನ ಥರ ಕಾಣ್ತಿದ್ದದ್ದು ನಿಜದಲ್ಲಿ 1.96 ಇಂದ 1.41ಕ್ಕೆ ಬಿದ್ದಿದೆ, 28 ಪರ್ಸೆಂಟು.

ಇಷ್ಟಕ್ಕೇ ನಿಲ್ಲಿಸಬಾರದು, ಭಾಗಿಸೋ ಸಂಖ್ಯೆನೂ ಪರೀಕ್ಷೆ ಮಾಡ್ಬೇಕು. 34 ಕೋಟಿ ಅನ್ನೋದು ಆ ವರ್ಷದ ಪೂರ್ತಿ ಬಡ್ಡಿನಾ? ಇದನ್ನ ಹಿಡಿಯೋಕೆ ಸುಲಭ ದಾರಿ ಕ್ಯಾಶ್ ಫ್ಲೋ ಸ್ಟೇಟ್‌ಮೆಂಟ್. ಫೈನಾನ್ಸ್ ಕಾಸ್ಟ್ಸ್ ನೋಟ್‌ನಲ್ಲಿ ಸಾಲದ ಬಡ್ಡಿ 28, ಬಿಲ್ ಡಿಸ್ಕೌಂಟಿಂಗ್ ಮತ್ತಿತರ ಚಾರ್ಜು 4, ಲೀಸ್ ಬಡ್ಡಿ 2. ಲೀಸ್ ಬಡ್ಡಿ ಕ್ಯಾಶ್ ಫ್ಲೋದಲ್ಲಿ ಲೀಸ್ ಪಾವತಿ ಸಾಲಿಗೆ ಹೋಗಿತ್ತು, ಅಂದ್ರೆ ಉಳಿದ 32 ಕೋಟಿ ಬಡ್ಡಿ ಪಾವತಿ ಅಂತ ಕಾಣ್ಬೇಕು. ಅಲ್ಲಿ ಇದ್ದಿದ್ದು 39. ವರ್ಷದ ಶುರುವಿಗೂ ಕೊನೆಗೂ ಕಟ್ಟಬೇಕಾಗಿದ್ದ ಬಡ್ಡಿ ಬಾಕಿ ಅಷ್ಟೇ ಇತ್ತು, ಹಾಗಾಗಿ ಹಳೇ ಬಾಕಿ ತೀರಿಸಿದ್ದೂ ಅಲ್ಲ. 7 ಕೋಟಿ ಎಲ್ಲಿ ಹೋಯ್ತು?

ಅದು ಆಸ್ತಿಗಳ ನೋಟ್‌ನಲ್ಲಿ ಸಿಕ್ತು. ಹೊಸ ಲೈನ್ ಇನ್ನೂ ಮುಗಿದಿಲ್ಲ, ಕ್ಯಾಪಿಟಲ್ ವರ್ಕ್ ಇನ್ ಪ್ರೋಗ್ರೆಸ್ ಅಂತ 85 ಕೋಟಿ ನಿಂತಿದೆ. ಇಂಡ್ ಎಎಸ್ 23 ಪ್ರಕಾರ ಇಂಥ ದೊಡ್ಡ ಆಸ್ತಿ ತಯಾರಾಗೋವರೆಗೆ ಅದಕ್ಕೆ ಸಂಬಂಧಪಟ್ಟ ಸಾಲದ ಬಡ್ಡಿನ ಖರ್ಚು ಅಂತ ತೋರಿಸದೇ ಆಸ್ತಿ ಬೆಲೆಗೇ ಸೇರಿಸ್ಬೇಕು. ಅದೇ 7 ಕೋಟಿ. ಇದರಲ್ಲಿ ಮೋಸ ಏನೂ ಇಲ್ಲ, ಸ್ಟ್ಯಾಂಡರ್ಡೇ ಹಾಗೆ ಹೇಳುತ್ತೆ, ಆಡಿಟರ್ ಸಹಿನೂ ಇದೆ. ಆದ್ರೆ ಬ್ಯಾಂಕ್‌ಗೆ ಹೋಗೋ ದುಡ್ಡಿಗೆ ಆ ವ್ಯತ್ಯಾಸ ಗೊತ್ತಿಲ್ಲ, ಅದು 41 ಕೋಟಿನೇ.

```
48 / (34 + 7) = 1.17
```

ಹಿಂದಿನ ವರ್ಷ ಹೀಗೆ ಸೇರಿಸಿದ್ದು 2 ಕೋಟಿ ಇತ್ತು, 53 ಭಾಗ 29, 1.83. ಈ 1.17 ನನ್ನ ಪ್ರಕಾರ ಆ ಕಂಪನಿಯ ನಿಜವಾದ ಸಂಖ್ಯೆಗೆ ಹತ್ತಿರ, ಯಾಕಂದ್ರೆ ಆ ಲೈನ್ ಚಾಲೂ ಆದ ದಿನದಿಂದ ಬಡ್ಡಿ ಆಸ್ತಿಗೆ ಸೇರಿಸೋದು ನಿಲ್ಲುತ್ತೆ, 7 ಕೋಟಿ ಅಥವಾ ಅದಕ್ಕಿಂತ ಜಾಸ್ತಿ ನೇರ ಖರ್ಚಿಗೆ ಬರುತ್ತೆ, ಜೊತೆಗೆ 85 ಕೋಟಿ ಮೇಲೆ ಸವಕಳಿನೂ ಶುರುವಾಗುತ್ತೆ. ಹೊಸ ಲೈನ್‌ನಿಂದ ವ್ಯಾಪಾರ ಬಂದ್ರೆ ಲಾಭನೂ ಬರುತ್ತೆ ಅನ್ನೋದು ಸರಿ, ಆದ್ರೆ ಆಟೋ ಕಂಪನಿಗಳು ಹೊಸ ಪಾರ್ಟ್ ಒಪ್ಪಿಕೊಂಡು ಪೂರ್ತಿ ಆರ್ಡರ್ ಕೊಡೋಕೆ ಟೈಮ್ ತಗೊಳ್ತಾರೆ, ಬಡ್ಡಿ ಮೊದಲನೇ ತಿಂಗಳಿಂದಲೇ ಓಡುತ್ತೆ.

ಕೆಲವರು ಸವಕಳಿನೂ ವಾಪಸ್ ಸೇರಿಸಿ ಕವರ್ ತೋರಿಸ್ತಾರೆ. ಇಲ್ಲಿ ಸವಕಳಿ 38, ಹಾಗೆ ಮಾಡಿದ್ರೆ 86 ಭಾಗ 34, 2.53 ಬರುತ್ತೆ. ಸವಕಳಿ ನಗದು ಖರ್ಚಲ್ಲ ನಿಜ. ಆದ್ರೆ ಮುಂದಿನ ವರ್ಷ ಅಸಲಿನ ಕಂತೇ 42 ಕೋಟಿ ಇದೆಯಲ್ಲ, ಅದನ್ನ ಕಟ್ಟೋಕೆ ಈ ಸವಕಳಿಯಲ್ಲಿ ಉಳಿದ ನಗದೇ ಬೇಕು. 86 ಕೋಟಿ ದುಡಿದು 41 ಬಡ್ಡಿ 42 ಕಂತು ಕಟ್ಟಿದ್ರೆ ಉಳಿಯೋದು 3 ಕೋಟಿ, ಅದರಲ್ಲಿ ತೆರಿಗೆ ಕಟ್ಬೇಕು, ಮೆಷಿನ್ ರಿಪೇರಿ ಬದಲಾವಣೆ ಮಾಡ್ಬೇಕು. ಆಗೋ ಮಾತಲ್ಲ, ಮತ್ತೆ ಸಾಲ ತಗೊಳ್ತಾರೆ ಇಲ್ಲಾ ಸಪ್ಲೈಯರ್‌ಗಳನ್ನ ಎಳೀತಾರೆ.

ಇನ್ನೊಂದು ಸಣ್ಣ ಪರೀಕ್ಷೆನೂ ಮಾಡಿದ್ವಿ. ಬಡ್ಡಿ 28 ಕೂಡಿಸು 7, 35 ಕೋಟಿ. ವರ್ಷದ ಶುರುವಿನ ಸಾಲ 270, ಕೊನೆಗೆ 326, ಸರಾಸರಿ 298. ಭಾಗಿಸಿದ್ರೆ 11.7 ಪರ್ಸೆಂಟ್. ಇಂಥ ಕಂಪನಿಗೆ ಬ್ಯಾಂಕ್ ಹಾಕೋ ದರಕ್ಕಿಂತ ಇದು ಸ್ವಲ್ಪ ಮೇಲೇ ಇದೆ, ಅಂದ್ರೆ ವರ್ಷದ ಮಧ್ಯೆ ಸಾಲ 298ಕ್ಕಿಂತ ಜಾಸ್ತಿ ಇದ್ದು ಮಾರ್ಚ್ 31ಕ್ಕೆ ಗಿರಾಕಿಗಳಿಂದ ವಸೂಲಿ ಮಾಡಿ ಇಳಿಸಿರಬಹುದು ಅಂತ ಅನುಮಾನ. ದರ 18, 20 ಬಂದಿದ್ರೆ ಅದು ಅನುಮಾನ ಅಲ್ಲ, ಖಾತ್ರಿನೇ ಅನ್ನಬಹುದಿತ್ತು. ಬ್ಯಾಲೆನ್ಸ್ ಶೀಟ್ ಒಂದೇ ದಿನದ್ದು, ಲಾಭ ನಷ್ಟ 365 ದಿನದ್ದು, ಎರಡನ್ನೂ ಹೀಗೆ ಎದುರುಬದುರು ಇಟ್ರೆ ಮಾತ್ರ ಆ ಒಂದು ದಿನಕ್ಕೆ ಮಾಡಿದ ಸಿಂಗಾರ ಗೊತ್ತಾಗೋದು.

ಇಷ್ಟಾದ್ಮೇಲೆ ಮಾಲೀಕರು ಕೇಳಿದ್ರು, "ಹಂಗಾದ್ರೆ ಕಂಪನಿ ಮುಳುಗುತ್ತಾ ಸಾರ್?" ಈ ಮೂರು ರೇಶಿಯೋ ಆ ಪ್ರಶ್ನೆಗೆ ಉತ್ತರ ಕೊಡಲ್ಲ. ಲಾಭ ಮಾಡ್ತಿದೆ, ಬ್ಯಾಂಕ್ ಸಾಲ ಕಟ್ತಿದೆ, ಆಡಿಟರ್ ವರದಿಯಲ್ಲಿ ಕಂತು ತಪ್ಪಿಸಿದಾರೆ ಅಂತ ಎಲ್ಲೂ ಇಲ್ಲ, ಆ ಬಗ್ಗೆ ಹೇಳಲೇಬೇಕಾದ ಜಾಗ ಆಡಿಟ್ ವರದಿಯ ಅನುಬಂಧದಲ್ಲಿ ಇದೆ, ಅದನ್ನೂ ಓದಿದ್ವಿ. ರೇಶಿಯೋ ಹೇಳಿದ್ದು ಇಷ್ಟು: ದುಡ್ಡು ಬಿಗಿ ಇದೆ, ಬಿಗಿ ಆದಾಗ ಬ್ಯಾಂಕ್‌ಗೆ ಮೊದಲು ಹೋಗುತ್ತೆ, ನಿಮಗೆ ಆಮೇಲೆ. ಅದಕ್ಕೆ ನೇರ ಸಾಕ್ಷಿ ಬೇಕಾದ್ರೆ ಟ್ರೇಡ್ ಪೇಯಬಲ್ಸ್ ನೋಟ್ ನೋಡಿ ಅಣ್ಣ ಅಂತ ಆ ಪುಟ ತೆಗೆದೆ.

ಸಪ್ಲೈಯರ್‌ಗಳಿಗೆ ಕೊಡಬೇಕಾದ್ದು ಒಟ್ಟು 133 ಕೋಟಿ, ಅದರಲ್ಲಿ ಮೈಕ್ರೋ ಮತ್ತೆ ಸ್ಮಾಲ್ ಯೂನಿಟ್‌ಗಳಿಗೆ 21. ಬ್ಯಾಲೆನ್ಸ್ ಶೀಟ್ ಮೇಲೇ ಇದನ್ನ ಬೇರೆ ತೋರಿಸ್ಬೇಕು, ನೋಟ್‌ನಲ್ಲಿ ವಾಯಿದೆ ದಾಟಿದ್ದೆಷ್ಟು ಅಂತ ವಯಸ್ಸಿನ ಪಟ್ಟಿ ಕೊಡ್ಬೇಕು. 21ರಲ್ಲಿ 12 ಇನ್ನೂ ವಾಯಿದೆ ಆಗಿಲ್ಲ, 9 ಕೋಟಿ ವಾಯಿದೆ ದಾಟಿದೆ, ಒಂದು ವರ್ಷದೊಳಗಿನದ್ದು. ಮಾಲೀಕರು ಆ ಸಾಲಿನ ಮೇಲೆ ಬೆರಳಿಟ್ಟು ಸುಮಾರು ಹೊತ್ತು ನೋಡಿದ್ರು. "ನಮ್ಮಂಥೋರ್ದೇ ಅಲ್ವಾ ಸಾರ್ ಇದು." ಹೌದು, ಅವರಂಥೋರ್ದೇ. ಒಟ್ಟು ಬಾಕಿನ ವರ್ಷದ ಸಾಮಗ್ರಿ ಖರ್ಚು 452 ಕೋಟಿಗೆ ಹೋಲಿಸಿದ್ರೆ ಸುಮಾರು 107 ದಿನ ಬರುತ್ತೆ, ಬಾಕಿಯಲ್ಲಿ ಬೇರೆ ಖರ್ಚಿನ ಬಿಲ್ಲೂ ಇರುತ್ತೆ, ಹಾಗಾಗಿ ಇದು ಮೇಲ್ನೋಟದ ಲೆಕ್ಕ. ಆದ್ರೂ 90 ಅಂತ ಒಪ್ಪಿಕೊಂಡ್ರೆ 90ಕ್ಕೇ ನಿಲ್ಲಲ್ಲ ಅನ್ನೋಕೆ ಅಷ್ಟು ಸಾಕು.

ಆರ್ಡರ್ ಬಿಡೋದು ಬೇಡ ಅಂತಾನೇ ತೀರ್ಮಾನ ಆಯ್ತು, ಷರತ್ತು ಬದಲಾಯಿಸ್ಬೇಕು ಅಂತ. ಯೂನಿಟ್‌ಗೆ ಉದ್ಯಮ್ ರಿಜಿಸ್ಟ್ರೇಷನ್ ಇದೆ, ತಯಾರಕರು, ಹಾಗಾಗಿ ಸಣ್ಣ ಉದ್ಯಮಗಳಿಗಿರೋ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಒಪ್ಪಂದ ಬರೆದ್ರೂ 45 ದಿನಕ್ಕಿಂತ ಜಾಸ್ತಿ ಉದ್ದರಿ ಬರೆಯೋ ಹಾಗಿಲ್ಲ. ಜೊತೆಗೆ ವರ್ಷಕ್ಕೆ 250 ಕೋಟಿ ಮೇಲೆ ವಹಿವಾಟಿರೋ ಕಂಪನಿಗಳು ಟ್ರೆಡ್ಸ್ ವೇದಿಕೆಗೆ ಸೇರ್ಲೇಬೇಕು, ಇವರದ್ದು 720. ಟ್ರೆಡ್ಸ್‌ನಲ್ಲಿ ನಮ್ಮ ಬಿಲ್ ಹಾಕಿ ಕಂಪನಿ ಒಪ್ಕೊಂಡ್ರೆ ಬ್ಯಾಂಕ್‌ಗಳು ಡಿಸ್ಕೌಂಟ್ ಮಾಡಿ ನಮಗೆ ದುಡ್ಡು ಕೊಡ್ತಾರೆ, ಕಂಪನಿ ಕಟ್ಟದೇ ಹೋದ್ರೆ ಬ್ಯಾಂಕ್ ನಮ್ಮನ್ನ ಕೇಳೋ ಹಾಗಿಲ್ಲ, ಅದೇ ಅದರ ದೊಡ್ಡ ಅನುಕೂಲ. ಕಂಪನಿ ಪರ್ಚೇಸ್‌ನವರು ಮೊದಲು "ಎಲ್ಲರೂ 90 ಒಪ್ಕೊಂಡಿದಾರೆ" ಅಂದ್ರು, ಮಾಲೀಕರು ಅವರದ್ದೇ ನೋಟ್‌ನ ಪುಟ ಸಂಖ್ಯೆ ಹೇಳಿ ಮಾತಾಡಿದ್ಮೇಲೆ 45 ದಿನಕ್ಕೆ ಬಂದ್ರು, ತಿಂಗಳ ಬಿಲ್‌ನಲ್ಲಿ ಅರ್ಧ ಟ್ರೆಡ್ಸ್‌ನಲ್ಲಿ ಹಾಕೋದು ಅಂತಾಯ್ತು. ಈಗ ಹೊರಗಡೆ ನಿಲ್ಲೋದು ಹೆಚ್ಚೂಕಮ್ಮಿ 18 ಲಕ್ಷ, ಅದರಲ್ಲೂ ನಮ್ಮ ಮೈಮೇಲಿರೋದು 9.

ಮುಂದೆ ನೋಡೋದು ಸೆಪ್ಟೆಂಬರ್ ಅರ್ಧವಾರ್ಷಿಕ ಫಲಿತಾಂಶ. ಲಿಸ್ಟೆಡ್ ಕಂಪನಿ ಮೂರು ತಿಂಗಳಿಗೊಮ್ಮೆ ಲಾಭ ನಷ್ಟ ಕೊಟ್ರೂ ಆಸ್ತಿ ಬಾಕಿ ಪಟ್ಟಿ, ಕ್ಯಾಶ್ ಫ್ಲೋ ಅರ್ಧ ವರ್ಷಕ್ಕೊಮ್ಮೆ ಕೊಡ್ಲೇಬೇಕು, ನವೆಂಬರ್ 14ರೊಳಗೆ ಬರುತ್ತೆ. ಅಲ್ಲಿ ನೋಟ್ಸ್ ವಿವರ ಇರಲ್ಲ, ಹಾಗಾಗಿ ಹುಡುಗ ಒಂದು ಎಕ್ಸೆಲ್ ಶೀಟ್ ಮಾಡ್ಕೊಂಡಿದಾನೆ, ಅದರಲ್ಲಿ ಕರೆಂಟ್ ಬಾರೋವಿಂಗ್ಸ್ 176ರಿಂದ ಎತ್ತ ಹೋಯ್ತು, ಫೈನಾನ್ಸ್ ಕಾಸ್ಟ್ ಆರು ತಿಂಗಳಿಗೆ 17ರ ಮೇಲೆ ಎಷ್ಟು, 85 ಕೋಟಿಯ ಕಾಮಗಾರಿ ಆಸ್ತಿಗೆ ವರ್ಗ ಆಯ್ತಾ, ಚಿಕ್ಕ ಯೂನಿಟ್‌ಗಳ ಬಾಕಿ 21ರಿಂದ ಇಳೀತಾ ಏರಿತಾ, ಈ ನಾಲ್ಕು ಸಾಲು, ಜೊತೆಗೆ ಕವರ್‌ನದ್ದೊಂದು. ಕವರ್‌ನ ಸಾಲಿನಲ್ಲಿ ಎಕ್ಸೆಪ್ಷನಲ್ ಮತ್ತೆ ಅದರ್ ಇನ್‌ಕಮ್ ಕಳೆಯೋ ಫಾರ್ಮುಲಾ ಅವನೇ ಹಾಕಿದ.